ಹೈದರಾಬಾದಿಗೆ ರೈಲ್ವೆ ಪರೀಕ್ಷೆ ಬರೆಯೋಕೆ ಹೋಗ್ತಿದ್ದೀರಾ? 'ಸೆಂಟರ್ ಪಕ್ಕದಲ್ಲೇ ರೂಮ್' ಅನ್ನೋನಿಗೆ ದುಡ್ಡು ಹಾಕಬೇಡಿ

ಬರೆಯೋಕೇ ನಾಚಿಕೆ ಆಗುತ್ತಿದೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಆದರೆ ನಿನ್ನೆ ನೋಡಿದರೆ, ರೂಮ್ ಕೊಡ್ತೀನಿ ಅಂತ ನನಗೆ ಮೋಸ ಮಾಡಿದ ಅದೇ ಮನುಷ್ಯ ಇನ್ನೊಂದು ಟೆಲಿಗ್ರಾಂ ಗುಂಪಿನಲ್ಲಿ ಅದೇ ಮೆಸೇಜ್ ಹಾಕಿದ್ದಾನೆ. ಕೆಳಗೆ ನಾಲ್ಕೈದು ಹುಡುಗರು 'ಡೀಟೇಲ್ಸ್ ಕಳಿಸಿ ಅಣ್ಣಾ' ಅಂತ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಬ್ಯಾಡಗಿ ಹತ್ತಿರ ಒಂದು ಹಳ್ಳಿ. ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆಯ ಮೊದಲ ಹಂತಕ್ಕೆ ಹುಬ್ಬಳ್ಳಿ ಸಿಗಬಹುದು ಅಂದುಕೊಂಡಿದ್ದೆ. ಪರೀಕ್ಷೆ ಯಾವ ಊರಲ್ಲಿ ಅಂತ ತಿಳಿಸುವ ಸಿಟಿ ಸ್ಲಿಪ್ ತೆಗೆದರೆ ಹೈದರಾಬಾದ್. ರೈಲು ನೋಡಿದರೆ ವೇಟಿಂಗ್ ಲಿಸ್ಟ್ 80 ದಾಟಿತ್ತು. ರಿಸರ್ವೇಶನ್ 60 ದಿನ ಮೊದಲೇ ತೆರೆದಿರುತ್ತದೆ, ನಮಗೆ ಊರು ಗೊತ್ತಾಗುವುದೇ ಹತ್ತು ದಿನ ಮೊದಲು. ಸೀಟು ಎಲ್ಲಿಂದ ಉಳಿಯಬೇಕು? ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಅಂತ ತೀರ್ಮಾನ ಆಯಿತು.

ರೂಮಿಗಾಗಿ ಗುಂಪಿನಲ್ಲಿ ಕೇಳಿದೆ. ಐದು ನಿಮಿಷಕ್ಕೆ ಒಬ್ಬ ಮೆಸೇಜ್ ಮಾಡಿದ. ಬಳ್ಳಾರಿ ಕಡೆಯವನಂತೆ, ಹೈದರಾಬಾದಿನಲ್ಲಿ ಹಾಸ್ಟೆಲ್ ನಡೆಸುತ್ತಾನಂತೆ. ಫೋನ್ ಮಾಡಿದರೆ ಅಚ್ಚ ಕನ್ನಡ. "ಬರ್ರಿ ಅಣ್ಣಾ, ನಾ ಅದೀನಲ್ಲ, ನಮ್ಮ ಹುಡುಗರಿಗೆ ಅಂತಾನೇ ಮಾಡೀನಿ." ಎರಡು ರಾತ್ರಿ ರೂಮು, ಊಟ, ಬಸ್‌ಸ್ಟ್ಯಾಂಡಿನಿಂದ ಪಿಕಪ್, ಸೆಂಟರಿಗೆ ಡ್ರಾಪ್, ಎಲ್ಲಾ ಸೇರಿ 1,800. "ಸೆಂಟರ್‌ಲಿಂದ ನೂರು ಮೀಟರ್ ಅಣ್ಣಾ, ನಡಕೊಂಡು ಹೋಗಬಹುದು." ಅಡ್ವಾನ್ಸ್ 1,200 ಕೇಳಿದ. ಆ ಕ್ಷಣವೇ ಹಾಕಿದೆ.

ಈಗ ಇದನ್ನು ಓದುತ್ತಿರುವವರಿಗೆ ಹೊಳೆದಿರುತ್ತದೆ. ನನಗೆ ಆಗ ಹೊಳೆಯಲಿಲ್ಲ. ಸಿಟಿ ಸ್ಲಿಪ್ಪಿನಲ್ಲಿ ಊರಿನ ಹೆಸರು ಮಾತ್ರ ಇರುತ್ತದೆ. ಸೆಂಟರ್ ವಿಳಾಸ ಬರುವುದು ಕಾಲ್ ಲೆಟರಿನಲ್ಲಿ, ಪರೀಕ್ಷೆಗೆ ನಾಲ್ಕು ದಿನ ಮೊದಲು. ನನ್ನ ಸೆಂಟರ್ ಎಲ್ಲಿ ಅಂತ ನನಗೇ ಗೊತ್ತಿಲ್ಲ. ಅವನಿಗೆ ನೂರು ಮೀಟರ್ ಅಂತ ಹೇಗೆ ಗೊತ್ತಾಯಿತು? ಇಷ್ಟು ಸರಳ ಪ್ರಶ್ನೆ. ರೀಸನಿಂಗ್ ಪುಸ್ತಕ ಎರಡು ಸಲ ಮುಗಿಸಿದವನು ನಾನು!

ಕಾಲ್ ಲೆಟರ್ ಬಂತು. ಘಟ್‌ಕೇಸರ್ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ಬೆಳಗಿನ ಶಿಫ್ಟ್. ಏಳೂವರೆಗೆ ರಿಪೋರ್ಟಿಂಗ್, ಎಂಟೂವರೆಗೆ ಗೇಟ್ ಮುಚ್ಚುತ್ತದೆ, ಒಂಬತ್ತಕ್ಕೆ ಶುರು. ಅವನಿಗೆ ಕಳಿಸಿದೆ. "ಹಾಂ ಅಣ್ಣಾ, ಅಲ್ಲೇ ಬಾಜೂ ಅದ" ಅಂದ. ಮ್ಯಾಪ್ ತೆಗೆದು ನೋಡಲೂ ಇಲ್ಲ ನಾನು. ಕನ್ನಡ ಮಾತಾಡುತ್ತಾನೆ, ನಮ್ಮವನೇ ಅಂತ ನಂಬಿಬಿಟ್ಟೆ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಏಳೂಕಾಲಿಗೆ ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಫೋನ್ ಮಾಡಿದೆ. "ಹತ್ತು ನಿಮಿಷ ಅಣ್ಣಾ, ಡ್ರೈವರ್ ಹೊಂಟಾನ." ಒಂಬತ್ತಕ್ಕೆ ಮಾಡಿದೆ. "ಟ್ರಾಫಿಕ್ ಅಣ್ಣಾ." ಹನ್ನೊಂದಕ್ಕೆ ಮಾಡಿದೆ. "ರೂಮ್ ಕ್ಲೀನ್ ಆಗಾಕತ್ತದ, ನಾಷ್ಟಾ ಮಾಡ್ರಿ." ಆಮೇಲೆ ಎತ್ತಲೇ ಇಲ್ಲ. ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕರೆಂಟ್ ಅಫೇರ್ಸ್ ತಿರುವುತ್ತಾ ಕೂತಿದ್ದೆ. ಒಂದಕ್ಷರ ತಲೆಗೆ ಹೋಗಲಿಲ್ಲ. ಮೂರು ಗಂಟೆಗೆ ಲೊಕೇಶನ್ ಬಂತು, ಜೊತೆಗೆ 'ಮೆಟ್ರೋದಾಗ ಬಂದುಬಿಡ್ರಿ ಅಣ್ಣಾ'. ಲೊಕೇಶನ್ ಕುಕಟ್‌ಪಲ್ಲಿ.

ಹೈದರಾಬಾದ್ ಗೊತ್ತಿದ್ದವರು ನಗುತ್ತೀರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಘಟ್‌ಕೇಸರ್ ಊರಿನ ಪೂರ್ವದ ಹೊರಗೆ, ಕುಕಟ್‌ಪಲ್ಲಿ ಆ ಕಡೆ ತುದಿಗೆ. ನಡುವೆ ಸುಮಾರು 35 ಕಿಲೋಮೀಟರ್. ಅಲ್ಲಿ ಹೋಗಿ ಮ್ಯಾಪ್ ನೋಡಿದಾಗಲೇ ನನಗೆ ಗೊತ್ತಾಗಿದ್ದು. ಕೈಕಾಲು ತಣ್ಣಗಾಯಿತು. ಫೋನ್ ಮಾಡಿ ಕೂಗಾಡಿದೆ. ಅವನು ಏನಂದ ಗೊತ್ತಾ? "ಹೈದರಾಬಾದ್‌ದಾಗ ಇದಕ್ಕೇ ಹತ್ತಿರ ಅಂತಾರ ಅಣ್ಣಾ." ನೂರು ಮೀಟರ್ ಅಂದಿದ್ದಿರಲ್ಲ ಅಂದೆ. "ನೂರು ಮೀಟರ್ ಅಂದಿದ್ದು ಮೆಟ್ರೋ ಸ್ಟೇಶನ್ನಿಗೆ." ದುಡ್ಡು ವಾಪಸ್ ಕೊಡಿ ಅಂದೆ. "ಬುಕಿಂಗ್ ಆದ ಮ್ಯಾಲೆ ರಿಫಂಡ್ ಇಲ್ಲ ಅಣ್ಣಾ, ಮೊದಲೇ ಕೇಳಬೇಕಿತ್ತು." ನಾನು ಮೊದಲೇ ಕೇಳಬೇಕಿತ್ತಂತೆ!

ರೂಮ್ ಅಂದರೆ ಮೂರನೇ ಮಹಡಿಯ ಒಂದು ಹಾಲ್. ನೆಲದ ಮೇಲೆ ಒಂಬತ್ತು ಹಾಸಿಗೆ, ಎರಡು ಫ್ಯಾನು, ಒಂದು ಬಾತ್‌ರೂಮ್. ಗಂಗಾವತಿಯ ಒಬ್ಬ ಹುಡುಗ ನನಗಿಂತ ಮೊದಲೇ ಬಂದು ಕೂತಿದ್ದ. ಅವನಿಗೂ 'ನೂರು ಮೀಟರ್' ಅಂದಿದ್ದನಂತೆ. ಅವನ ಸೆಂಟರ್ ಬೇರೆಯೇ ದಿಕ್ಕು.

ಅಷ್ಟಾದರೂ ತಡೆದುಕೊಳ್ಳುತ್ತಿದ್ದೆ. ನಾನು ಮಾಡಿದ ದೊಡ್ಡ ತಪ್ಪು ಬೇರೆ. ಒಳಗೆ ಹೋದ ತಕ್ಷಣ, ಮ್ಯಾಪ್ ನೋಡುವುದಕ್ಕೂ ಮೊದಲು, ಟೇಬಲ್ ಹತ್ತಿರ ಕೂತವನು ಬಾಕಿ 600 ತೆಗೆದುಕೊಂಡು ಆಧಾರ್ ಕೇಳಿದ. ಝೆರಾಕ್ಸ್ ಕೊಟ್ಟೆ. "ಒರಿಜಿನಲ್ ಇಡಬೇಕು, ಪೊಲೀಸ್ ರೂಲ್" ಅಂದ. ಕೊಟ್ಟುಬಿಟ್ಟೆ. ಅವನು ಡ್ರಾಯರಿನಲ್ಲಿ ಹಾಕಿ ಕೀಲಿ ಹಾಕಿದ. ಅಲ್ಲಿ ಆಗಲೇ ರಬ್ಬರ್‌ಬ್ಯಾಂಡ್ ಸುತ್ತಿದ ಒಂದು ಕಟ್ಟು ಕಾರ್ಡು ಇತ್ತು. ಬಿಟ್ಟು ಬೇರೆ ಕಡೆ ಹೋಗೋಣ ಅಂದರೆ ಕಾರ್ಡ್ ಕೊಡೋನು ಇಲ್ಲ, ಹೊರಗೆ ಹೋಗಿದ್ದಾನೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕೆಳಗೆ ಹೋದೆ. ವಾಚ್‌ಮನ್ ಒಬ್ಬನೇ. ಮ್ಯಾನೇಜರ್ ಬಂದ ಮೇಲೆ ಅಂದ. ಕೀಲಿ ಅವನ ಹತ್ತಿರ ಇಲ್ಲವಂತೆ. ಬಳ್ಳಾರಿಯವನಿಗೆ ಹದಿನಾರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಸೆಂಟರಿನಲ್ಲಿ ಒರಿಜಿನಲ್ ಕಾರ್ಡೇ ಬೇಕು, ಝೆರಾಕ್ಸ್ ನಡೆಯುವುದಿಲ್ಲ. ಗಂಗಾವತಿಯವನು ಡ್ರಾಯರ್ ಮುರಿಯೋಣ ಅಂದ. ನನಗೂ ಹಾಗೇ ಅನಿಸಿತ್ತು.

ಮ್ಯಾನೇಜರ್ ಬಂದಿದ್ದು ಆರೂ ಮೂವತ್ತೈದಕ್ಕೆ, ಹಲ್ಲುಜ್ಜುತ್ತಾ. ಬಂದವನೇ 500 ಕೇಳಿದ. ಎರಡನೇ ರಾತ್ರಿ ಉಳಿಯದೆ ಹೋಗುತ್ತಿದ್ದೀಯಲ್ಲ, ಕ್ಯಾನ್ಸಲೇಶನ್ ಚಾರ್ಜ್ ಅಂತೆ! ಎರಡು ರಾತ್ರಿಯ ದುಡ್ಡು ಆಗಲೇ ಕೊಟ್ಟಾಗಿದೆ. ಡ್ರಾಯರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಏನು ಜಗಳ ಆಡೋಣ? ಕೊಟ್ಟೆ. ಕೊಟ್ಟಿದ್ದೇ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಓಡಿ ಮೆಟ್ರೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಇಳಿದು ನೀಲಿ ಲೈನಿಗೆ ಬದಲಾಯಿಸಿ ಉಪ್ಪಲ್. ಅಲ್ಲಿಂದ ಆಟೋ 450. ಚೌಕಾಶಿ ಮಾಡುವ ಟೈಮ್ ಇರಲಿಲ್ಲ. ಗೇಟ್ ಹತ್ತಿರ ಹೋದಾಗ ಎಂಟು ಇಪ್ಪತ್ತೆರಡು. ಬೆರಳಚ್ಚು ಕೊಡುವಾಗ ಕೈ ಬೆವರಿಗೆ ಮೆಷಿನ್ ಎರಡು ಸಲ ತೆಗೆದುಕೊಳ್ಳಲಿಲ್ಲ.

ಪರೀಕ್ಷೆ ಬರೆದೆ. 90 ನಿಮಿಷಕ್ಕೆ 100 ಪ್ರಶ್ನೆ, ನಾನು ಮುಟ್ಟಿದ್ದು 61. ಗಣಿತದ 30ರಲ್ಲಿ ಒಂಬತ್ತು. ಮನೆಯಲ್ಲಿ ದಿನಾ ಇಪ್ಪತ್ತೈದು ಮಾಡುತ್ತಿದ್ದೆ.

ಇಷ್ಟೇ ಹೇಳೋದು. ಸಿಟಿ ಸ್ಲಿಪ್ ಬಂದಾಗ ಹೋಗುವ ಬಸ್ಸೋ ರೈಲೋ ನೋಡಿಕೊಳ್ಳಿ, ರೂಮಿಗೆ ದುಡ್ಡು ಹಾಕಬೇಡಿ. ಕಾಲ್ ಲೆಟರ್ ಬಂದ ಮೇಲೆ ಸೆಂಟರಿನ ವಿಳಾಸ ನೀವೇ ಮ್ಯಾಪಿಗೆ ಹಾಕಿ, ಅದೇ ದಿಕ್ಕಿನ ಲಾಡ್ಜ್ ಹುಡುಕಿ. ಘಟ್‌ಕೇಸರ್ ಬಿದ್ದರೆ ಉಪ್ಪಲ್ ಕಡೆ ಉಳಿಯಿರಿ. ಆಟೋದಲ್ಲಿ ಹೋಗುವಾಗ ರಸ್ತೆಯುದ್ದಕ್ಕೂ ಲಾಡ್ಜ್ ಬೋರ್ಡ್ ನೋಡಿ ಅಳು ಬಂತು. ಒರಿಜಿನಲ್ ಆಧಾರ್ ಮಾತ್ರ ಯಾರ ಕೈಗೂ ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಡಿ, ಒಪ್ಪದಿದ್ದರೆ ಎದ್ದು ಬನ್ನಿ. ಕನ್ನಡ ಮಾತಾಡಿದ ಅಂತ ಕರಗಬೇಡಿ.

ಊರಿಗೆ ಬಂದ ಮೇಲೆ ಅವನಿಗೆ ಉದ್ದಕ್ಕೆ ಬೈದು ಮೆಸೇಜ್ ಹಾಕಿದ್ದೆ. ಮೂರು ದಿನ ಬಿಟ್ಟು ಉತ್ತರ ಬಂತು: "ಎಕ್ಸಾಂ ಹೆಂಗಾತು ಅಣ್ಣಾ? ಎರಡನೇ ಹಂತಕ್ಕ ಬಂದರ ಹೇಳ್ರಿ, 200 ಕಮ್ಮಿ ಮಾಡ್ತೀನಿ."