ಟ್ಯೂಷನ್‌ಗೆ ಜನ ಬೇಕು ಅಂತ ಮೂರು ಥರ ಮೆಸೇಜ್ ಹಾಕಿದೆ, ಯಾವುದಕ್ಕೆ ಎಂಥೋರು ಸಿಕ್ಕಿದ್ರು

ಮಗಳು 8ನೇ ಕ್ಲಾಸು, ಗಣಿತದಲ್ಲಿ ಬೀಜಗಣಿತ ಶುರುವಾದ ಮೇಲೆ ಮಾರ್ಕ್ಸ್ ಇಳೀತಾ ಬಂತು, ಮನೆಗೆ ಬಂದು ಹೇಳ್ಕೊಡೋರು ಯಾರಾದ್ರೂ ಸಿಗ್ತಾರಾ ಅಂತ ಒಂದು ಮೆಸೇಜ್ ಬರೆದು ಗೊತ್ತಿರೋರಿಗೆಲ್ಲ ಕಳ್ಸಿದೆ. ಅದು ಕೆಲ್ಸಕ್ಕೆ ಬರ್ಲಿಲ್ಲ, ಎರಡನೇದು ಬರೆದೆ, ಅದೂ ಅರ್ಧಂಬರ್ಧ, ಕೊನೆಗೆ ಮೂರನೇದು. ಮನೆ ಅದೇ, ಮಗು ಅದೇ, ದುಡ್ಡೂ ಹೆಚ್ಚು ಕಮ್ಮಿ ಅಷ್ಟೇ, ಆದ್ರೆ ಮೂರಕ್ಕೂ ಬಂದ ಜನಾನೇ ಬೇರೆ.

ಮೊದಲನೇದು ಹೀಗಿತ್ತು: "8ನೇ ಕ್ಲಾಸ್ ಹುಡುಗಿಗೆ ಗಣಿತ, ವಿಜ್ಞಾನ ಹೇಳ್ಕೊಡೋಕೆ ಹೋಂ ಟ್ಯೂಟರ್ ಬೇಕು. ಸಂಜೆ ಹೊತ್ತು. ಆಸಕ್ತರು ತಿಳಿಸಿ."

ಎರಡು ದಿನದಲ್ಲಿ ಹದಿನೈದು ಹದಿನಾರು ಜನ ಕೇಳಿದ್ರು. ಖುಷಿ ಆಯ್ತು, ಆಮೇಲೆ ನೋಡಿದ್ರೆ ಎಲ್ರದ್ದೂ ಅವೇ ನಾಲ್ಕು ಪ್ರಶ್ನೆ, ಎಷ್ಟು ಕೊಡ್ತೀರಾ, ಯಾವ ಸಿಲಬಸ್ಸು, ವಾರಕ್ಕೆ ಎಷ್ಟು ದಿನ, ಮನೆ ಎಲ್ಲಿ. ಹದಿನೈದು ಸಲ ಅದನ್ನೇ ಟೈಪ್ ಮಾಡಿದ್ದಾಯ್ತು, ಫೀಸ್ ಮಾತು ಬಂದ ಕೂಡ್ಲೆ ಅರ್ಧ ಜನ ಸುಮ್ನಾದ್ರು. ಬಜೆಟ್ ಹೇಳದಿದ್ರೆ ಕಮ್ಮಿಗೆ ಒಪ್ಕೊಳ್ಳೋರು ಸಿಗಬಹುದು ಅನ್ನೋ ಆಸೆ ನಂಗೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಚೆನ್ನಾಗಿ ಹೇಳ್ಕೊಡೋರ ಸಂಜೆ ಆಗ್ಲೇ ತುಂಬಿರುತ್ತೆ, ಅವ್ರು ಅಂಕಿ ಇಲ್ಲದ ಮೆಸೇಜ್‌ಗೆ ಉತ್ತರಾನೇ ಕೊಡಲ್ಲ. ಇನ್ನೊಂದು, ಎರಡು ಸಬ್ಜೆಕ್ಟ್ ಒಟ್ಟಿಗೆ ಕೇಳಿದ್ದು. ಬಂದೋರಲ್ಲಿ ಹೆಚ್ಚಿನೋರು "ಎಲ್ಲಾ ಸಬ್ಜೆಕ್ಟೂ ಮಾಡ್ತೀನಿ" ಅನ್ನೋರು, ಅಂದ್ರೆ ಪಕ್ಕ ಕೂತು ಹೋಂವರ್ಕ್ ಮಾಡಿಸೋರು. ಚಿಕ್ಕ ಕ್ಲಾಸಿಗೆ ಅದು ಸಾಕಾಗುತ್ತೆ, ನಮಗೆ ಬೇಕಿದ್ದಿದ್ದು ಅದಲ್ಲ.

ಎರಡನೇ ಸಲ ಅತಿ ಖಡಕ್ ಆಗ್ಬಿಟ್ಟೆ: "8ನೇ ಕ್ಲಾಸ್ ಗಣಿತ ಮಾತ್ರ. ಸೋಮವಾರದಿಂದ ಶುಕ್ರವಾರ, ಸಂಜೆ 5ರಿಂದ 6. ತಿಂಗಳಿಗೆ ಇಷ್ಟು, ಚೌಕಾಸಿ ಇಲ್ಲ."

ಬಂದಿದ್ದು ಮೂರೇ ಮೂರು. ಆಮೇಲೆ ಒಬ್ರು ಟೀಚರ್ ಹತ್ರ ಮಾತಾಡ್ದಾಗ ಗೊತ್ತಾಯ್ತು, ಮನೆ ಮನೆಗೆ ಹೋಗೋರಿಗೆ ಸಂಜೆ ಅನ್ನೋದು ಒಂದು ಸರಪಳಿ ಇದ್ದಂಗೆ, ಈ ಮನೆ ಮುಗ್ಸಿ ಆ ಮನೆ, ಮಧ್ಯೆ ಓಡಾಟದ ಹೊತ್ತು ಬೇರೆ. ವಾರಕ್ಕೆ ಐದು ದಿನಾನೂ ಅದೇ 5 ಗಂಟೆ ಖಾಲಿ ಇದೆ ಅಂದ್ರೆ ಅವ್ರಿಗೆ ಬೇರೆ ಮನೆ ಇಲ್ಲ ಅಂತ್ಲೇ ಅರ್ಥ. ಹೊಸಬ್ರು ಆಗಿರಬಹುದು, ಅದು ತಪ್ಪಲ್ಲ, ಆದ್ರೆ ನಮ್ಮ ಆಯ್ಕೆ ಅಲ್ಲೇ ಚಿಕ್ಕದಾಯ್ತು. ಜೊತೆಗೆ ಮಗಳು ಸ್ಕೂಲಿಂದ ಬಂದು, ತಿಂದು, 5ಕ್ಕೆ ಪುಸ್ತಕ ಹಿಡಿಯೋ ಹೊತ್ತಿಗೆ ಆಕಳಿಸ್ತಾ ಇರ್ತಾಳೆ. ಆ ಟೈಮಿಂಗ್ ನನ್ನ ಅನುಕೂಲಕ್ಕೆ ಬರೆದಿದ್ದು, ಅವಳದ್ದಕ್ಕಲ್ಲ.

ತಿಂಗಳ ಲೆಕ್ಕ ಇನ್ನೊಂದು ತಲೆನೋವು. ಸುಲಭಕ್ಕೆ ಕ್ಲಾಸಿಗೆ 100 ಅಂತಿಟ್ಕೊಳ್ಳಿ, ವಾರಕ್ಕೆ 5 ಅಂದ್ರೆ ತಿಂಗಳಿಗೆ 20 ಕ್ಲಾಸು, 2000. ನಾವು ಇಟ್ಕೊಂಡೋರು ಮೊದಲ ತಿಂಗಳಲ್ಲಿ ಮಾಡಿದ್ದು 13 ಕ್ಲಾಸು. ನಾಲ್ಕು ದಿನ ಮಗಳ ಪರೀಕ್ಷೆ ಅಂತ ನಾವೇ ಬೇಡ ಅಂದ್ವಿ, ಮೂರು ದಿನ ಅವ್ರು ಬರ್ಲಿಲ್ಲ. 2000 ಕೊಟ್ರೆ ಕ್ಲಾಸಿಗೆ 154ರ ಹತ್ರ ಬೀಳುತ್ತೆ, 1300 ಕೊಡ್ತೀನಿ ಅಂದ್ರೆ "ನಿಮಗೋಸ್ಕರ ಆ ಹೊತ್ತು ಹಿಡಿದಿಟ್ಟಿದ್ನಲ್ಲ" ಅಂತಾರೆ. ಅವ್ರು ಹೇಳೋದ್ರಲ್ಲೂ ನ್ಯಾಯ ಇದೆ. ಮೆಸೇಜ್‌ನಲ್ಲಿ ಬರೀಬೇಕಾಗಿದ್ದನ್ನ ಬರೀದೆ ತಿಂಗಳ ಕೊನೇಲಿ ಮುಖ ಸಣ್ಣ ಮಾಡ್ಕೊಂಡು ಕೂರೋ ಹಂಗಾಯ್ತು, ಆ ತಿಂಗಳಿಗೇ ಅದು ನಿಂತೋಯ್ತು.

ಮೂರನೇದು ಬರೆಯೋ ಮುಂಚೆ ಮಗಳ ನೋಟ್‌ಬುಕ್ ತೆಗೆದು ಅರ್ಧ ಗಂಟೆ ಕೂತೆ. ಇಷ್ಟು ದಿನ "ಗಣಿತದಲ್ಲಿ ವೀಕು" ಅಂತಿದ್ದೆ, ನೋಡಿದ್ರೆ ತಪ್ಪೆಲ್ಲ ಒಂದೇ ಜಾಗದಲ್ಲಿ. 3(x − 4) = 2x + 5 ಅಂತ ಇದ್ರೆ ಬ್ರಾಕೆಟ್ ಬಿಡಿಸುವಾಗ 3x − 4 ಅಂತ ಬರೀತಾಳೆ, 3ನ್ನ 4ಕ್ಕೆ ಗುಣಿಸೋದೇ ಇಲ್ಲ, ಹಂಗಾಗಿ 17 ಬರೋ ಕಡೆ 9 ಬರುತ್ತೆ. ಮುಂದಿನ ಹೆಜ್ಜೆ ಎಲ್ಲಾ ಸರಿ. ಸೋ ಮೆಸೇಜು ಹೀಗಾಯ್ತು:

"8ನೇ ಕ್ಲಾಸ್ ಹುಡುಗಿಗೆ ಗಣಿತ ಮಾತ್ರ, ಮುಖ್ಯವಾಗಿ ಬೀಜಗಣಿತ. ಬ್ರಾಕೆಟ್ ಬಿಡಿಸೋದು, ಸಮೀಕರಣದಲ್ಲಿ ತಪ್ಪಾಗ್ತಿದೆ. ವಾರಕ್ಕೆ ಯಾವುದಾದ್ರೂ 3 ದಿನ, ಸಂಜೆ 5.30ರಿಂದ 8ರ ಒಳಗೆ ನಿಮಗೆ ಅನುಕೂಲವಾದ 1 ಗಂಟೆ. ಕ್ಲಾಸಿಗೆ ಇಷ್ಟು, 12 ಕ್ಲಾಸ್ ಮುಗಿದಾಗ ಫೀಸ್. ನಾವು ಅದೇ ದಿನ ಬೇಡ ಅಂದ್ರೆ ಆ ಕ್ಲಾಸ್ ಲೆಕ್ಕಕ್ಕೆ ಸೇರುತ್ತೆ. ಮೊದಲು ಒಂದು ಟ್ರಯಲ್ ಕ್ಲಾಸ್, ಅದಕ್ಕೂ ದುಡ್ಡು ಕೊಡ್ತೀವಿ. ಮನೇಲಿ ದೊಡ್ಡೋರು ಇರ್ತಾರೆ." ಜೊತೆಗೆ ಸಿಲಬಸ್ಸು, ಏರಿಯಾ. ಮಗಳ ಹೆಸರು, ಸ್ಕೂಲು, ಮನೆ ನಂಬರ್ ಹಾಕ್ಲಿಲ್ಲ, ಮೆಸೇಜ್ ಎಲ್ಲಿಗೆಲ್ಲಾ ಫಾರ್ವರ್ಡ್ ಆಗುತ್ತೋ ಯಾರಿಗ್ಗೊತ್ತು.

ಆರು ಜನ ಉತ್ತರ ಕೊಟ್ರು, ಅದ್ರಲ್ಲಿ ಇಬ್ರು ಫೀಸ್ ಮಾತೇ ಎತ್ತದೆ "ಮೈನಸ್ ಇರೋ ಬ್ರಾಕೆಟ್‌ನಲ್ಲಿ ಮಾತ್ರಾನಾ, ಎಲ್ಲಾದ್ರಲ್ಲೂನಾ" ಅನ್ನೋ ಥರ ಕೇಳಿದ್ರು. ಹಿಂದಿನ ಎರಡು ಮೆಸೇಜ್‌ಗೆ ಒಬ್ರೂ ಇಂಥ ಪ್ರಶ್ನೆ ಕೇಳಿರ್ಲಿಲ್ಲ. ಆ ಇಬ್ರನ್ನೇ ಟ್ರಯಲ್‌ಗೆ ಕರೆದೆ, ಅದೇ ಲೆಕ್ಕ ಮುಂದಿಟ್ಟೆ. ಒಬ್ರು ಸರ್ ಚಕಚಕ ಬಿಡಿಸಿ ತೋರ್ಸಿ "ಅರ್ಥ ಆಯ್ತಾ" ಅಂದ್ರು, ಇವಳು ತಲೆ ಆಡ್ಸಿದ್ಲು, ಮುಂದಿನ ಲೆಕ್ಕದಲ್ಲಿ ಮತ್ತೆ ಅದೇ ತಪ್ಪು. ಇನ್ನೊಬ್ರು ಮೇಡಂ ಬಿಡಿಸಲೇ ಇಲ್ಲ, ನಿನ್ನ 9ನ್ನ x ಜಾಗದಲ್ಲಿ ಹಾಕು ನೋಡೋಣ ಅಂದ್ರು. ಒಂದು ಕಡೆ 15, ಇನ್ನೊಂದು ಕಡೆ 23. ಇವಳೇ ಹಿಂದಕ್ಕೆ ಹೋಗಿ ಬ್ರಾಕೆಟ್ ಹತ್ರ ಬೆರಳಿಟ್ಲು. ಮೇಡಂನೇ ಇಟ್ಕೊಂಡ್ವಿ.

ಮೂರನೇದ್ರಲ್ಲೂ ಒಂದು ಎಡವಟ್ಟು ಮಾಡಿದ್ದೆ. ಮೊದಲು ಕಳ್ಸಿದಾಗ ಬಜೆಟ್ "ಇಷ್ಟರಿಂದ ಇಷ್ಟು" ಅಂತ ಹಾಕಿದ್ದೆ, ಕೇಳಿದ ಮೊದಲ ನಾಲ್ಕೂ ಜನ ಮೇಲಿನ ಅಂಕಿಯಿಂದಾನೇ ಮಾತು ಶುರು ಮಾಡಿದ್ರು, ಕೆಳಗಿನ ಅಂಕಿ ಯಾರ ಕಣ್ಣಿಗೂ ಬೀಳ್ಲಿಲ್ಲ. ಮಾರನೇ ದಿನ ಒಂದೇ ಅಂಕಿ ಮಾಡಿ, ಪಕ್ಕದಲ್ಲಿ "ಅನುಭವ ನೋಡಿ ಸ್ವಲ್ಪ ಮಾತಾಡಬಹುದು" ಅಂತ ಸೇರಿಸಿ ಕಳ್ಸಿದೆ, ಮೇಡಂ ಸಿಕ್ಕಿದ್ದು ಅದ್ರಲ್ಲೇ. ಒಪ್ಕೋಬೇಕು, ಈ ಮೆಸೇಜ್ ಉದ್ದ, ಪೂರ್ತಿ ಓದದೆ "ವಿಜ್ಞಾನನೂ ಮಾಡ್ತೀನಿ" ಅಂದೋರೂ ಇದ್ರು, ಅವ್ರನ್ನ ಬಿಡೋಕೆ ಅದೇ ಸಾಕಾಯ್ತು. ಅರ್ಜೆಂಟಾಗಿ ಪರೀಕ್ಷೆಗೆ ಹತ್ತು ದಿನ ಇದೆ ಅನ್ನೋರಿಗೆ ಮಾತ್ರ ಎರಡನೇ ಥರದ್ದೇ ವಾಸಿ ಅನ್ಸುತ್ತೆ, ದಿನಾ ಒಂದೇ ಹೊತ್ತು, ಇಷ್ಟು ದಿನ, ಒಟ್ಟು ಇಷ್ಟು ಅಂತ, ತಿಂಗಳು ಅನ್ನೋ ಪದ ತೆಗೆದು.

ಈಗ ಎರಡನೇ ಹನ್ನೆರಡು ಕ್ಲಾಸು ನಡೀತಿದೆ, ಗೋಡೆ ಕ್ಯಾಲೆಂಡರ್‌ನಲ್ಲಿ ಬಂದ ದಿನಕ್ಕೆ ಮೇಡಂ ಕೈಲೇ ಟಿಕ್ ಹಾಕಿಸ್ತೀನಿ. ಇವತ್ತಿಗೆ ಏಳು ಟಿಕ್ಕು.