ಮೂರು ಮ್ಯಾಂಡೇಟ್, ಒಂದೇ ಎರಡು ಸಾವಿರ: ಗಂಗಾವತಿಯಿಂದ ಒಂದು ಹೋಲಿಕೆ

ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ನಮ್ಮಲ್ಲಿ ಸಂಬಳಕ್ಕೆ ತಿಂಗಳು ಇದೆ, ತಾರೀಕು ಇಲ್ಲ. ಲೋಡು ಹೋಗಿ ವ್ಯಾಪಾರಿಯ ಹಣ ಬಂದರೆ ಮೂರಕ್ಕೆ, ತಡವಾದರೆ ಒಂಬತ್ತಕ್ಕೆ. ಮ್ಯೂಚುವಲ್ ಫಂಡ್‌ಗೆ ತಿಂಗಳಿಗೆ 2,000 ರೂಪಾಯಿಯ ಎಸ್‌ಐಪಿ ಹಾಕುವಾಗ ಯಾವ ಫಂಡ್ ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡೆ. ಹಣ ಖಾತೆಯಿಂದ ಹೋಗುವ ದಾರಿ ಯಾವುದು ಎಂದು ಮಾತ್ರ ಒಂದು ನಿಮಿಷವೂ ಯೋಚಿಸಲಿಲ್ಲ. ಅನಂತರ ಕೈ ಸುಟ್ಟುಕೊಂಡದ್ದು ಆ ದಾರಿಯಲ್ಲಿಯೇ.

ಖಾತೆಯಿಂದ ತಿಂಗಳು ತಿಂಗಳು ಹಣ ತಾನಾಗಿ ಕಡಿತವಾಗಲು ಬ್ಯಾಂಕಿಗೆ ಕೊಡುವ ಅನುಮತಿಗೆ ಮ್ಯಾಂಡೇಟ್ ಎನ್ನುತ್ತಾರೆ. ಅದನ್ನು ಕೊಡುವ ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ. ಆನ್‌ಲೈನ್‌ನಲ್ಲಿ ಮಾಡಿಸುವ ಇ-ನ್ಯಾಚ್ ನನ್ನ ಸಂಬಳದ ಖಾತೆಯಿಂದ, ಯುಪಿಐ ಆಟೋಪೇ ನನ್ನದೇ ಇನ್ನೊಂದು ಖಾತೆಯಿಂದ, ಕಾಗದದ ನ್ಯಾಚ್ ಅರ್ಜಿ ಅವ್ವನ ಖಾತೆಯಿಂದ. ಮೂರೂ ನಡೆಯುವುದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ವ್ಯವಸ್ಥೆಯಲ್ಲಿಯೇ. ಆದರೆ ಕೆಟ್ಟಾಗ ಒಂದೊಂದೂ ಒಂದೊಂದು ರೀತಿ ಕೆಡುತ್ತದೆ.

ಇ-ನ್ಯಾಚ್ ಮಾಡಿಸುವುದು ಸುಲಭ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೊಟ್ಟು, ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಅಥವಾ ಆಧಾರ್ ಒಟಿಪಿಯಲ್ಲಿ ಒಂದನ್ನು ಆರಿಸಿ ಒಪ್ಪಿಗೆ ಕೊಡಬೇಕು. ನಾನು ಡೆಬಿಟ್ ಕಾರ್ಡ್ ಆರಿಸಿದೆ. ಮೂರನೆಯ ದಿನ ಮ್ಯಾಂಡೇಟ್ ನೋಂದಣಿಯಾಯಿತು, ಯುಎಂಆರ್‌ಎನ್ ಎಂಬ 20 ಅಕ್ಷರಗಳ ಗುರುತು ಬಂತು. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ. ಗರಿಷ್ಠ ಮೊತ್ತದ ಜಾಗದಲ್ಲಿ 2,000 ಬದಲು 10,000 ಎಂದು ಹಾಕಿದ್ದೆ. ಅದು ಮಿತಿಯೇ ಹೊರತು ಕಡಿತದ ಮೊತ್ತವಲ್ಲ. ಮುಂದೆ ಕಂತು ಹೆಚ್ಚಿಸಿದರೆ ಹೊಸ ಮ್ಯಾಂಡೇಟ್ ಮಾಡಿಸುವ ಕೆಲಸ ತಪ್ಪುತ್ತದೆ.

ತಪ್ಪಾದದ್ದು ತಾರೀಕಿನಲ್ಲಿ. ಅರ್ಜಿಯಲ್ಲಿ ಮೊದಲೇ 5 ಎಂದು ತುಂಬಿತ್ತು, ಹಾಗೆಯೇ ಬಿಟ್ಟೆ. ಮೂರು ತಿಂಗಳು ಸರಿಯಾಗಿ ಹೋಯಿತು. ನಾಲ್ಕನೆಯ ತಿಂಗಳು ಸಂಬಳ ಏಳಕ್ಕೆ ಬಂತು. ಐದರಂದು ಖಾತೆಯಲ್ಲಿ 1,140 ರೂಪಾಯಿ ಇತ್ತು. ನೆನಪಾಗಿ ಹನ್ನೊಂದು ಗಂಟೆಗೆ ಗೆಳೆಯನಿಂದ ಸಾವಿರ ಹಾಕಿಸಿದೆ. ಅಷ್ಟರಲ್ಲಿ ಬೆಳಿಗ್ಗೆಯೇ ಕಡಿತದ ಬೇಡಿಕೆ ಬಂದು ಮರಳಿಹೋಗಿತ್ತು. ಎಸ್‌ಐಪಿಗೆ ಹಣ ಇರಬೇಕಾದದ್ದು ಹಿಂದಿನ ದಿನದ ಸಂಜೆ ಎಂಬುದನ್ನು ಆ ದಿನ ಕಲಿತೆ. ಬ್ಯಾಂಕು 250 ರೂಪಾಯಿ ದಂಡ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿಸಿ 295 ರೂಪಾಯಿ ತೆಗೆದುಕೊಂಡಿತು, ಅದೂ ಗೆಳೆಯ ಹಾಕಿದ ಹಣದಲ್ಲಿಯೇ. ಎರಡು ಸಾವಿರದ ಕಂತಿಗೆ ಅದು ಹೆಚ್ಚುಕಡಿಮೆ ಶೇ 15. ಯಾವ ಫಂಡ್ ಒಂದು ತಿಂಗಳಲ್ಲಿ ಅಷ್ಟು ತಂದುಕೊಡುತ್ತದೆ? ಕಂತು ತಪ್ಪಿದ್ದಕ್ಕೆ ಫಂಡಿನವರು ಒಂದು ಪೈಸೆಯನ್ನೂ ಕೇಳಲಿಲ್ಲ, ದಂಡವೆಲ್ಲ ಬ್ಯಾಂಕಿನದು. ಮುಂದಿನ ತಿಂಗಳೂ ಅದೇ ಕಥೆ, ಇನ್ನೊಂದು 295.

ಮಾಸಿಕ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ಫಂಡಿನವರೇ ಅದನ್ನು ರದ್ದು ಮಾಡುತ್ತಾರೆ. ಮೂರನೆಯದಕ್ಕೆ ಕಾಯದೆ ಹಳೆಯ ಎಸ್‌ಐಪಿ ನಿಲ್ಲಿಸಿ, ಅದೇ ಮ್ಯಾಂಡೇಟ್ ಮೇಲೆ 12ನೆಯ ತಾರೀಕಿಗೆ ಹೊಸದನ್ನು ಹಾಕಿದೆ. ಎಸ್‌ಐಪಿ ಬೇರೆ, ಮ್ಯಾಂಡೇಟ್ ಬೇರೆ ಎಂಬುದು ನನ್ನ ತಲೆಗೆ ಹೋದದ್ದು ಆಗ. ಎಸ್‌ಐಪಿ ಎಂದರೆ ಫಂಡಿಗೆ ಕೊಟ್ಟ ಆದೇಶ, ಮ್ಯಾಂಡೇಟ್ ಎಂದರೆ ಬ್ಯಾಂಕಿಗೆ ಕೊಟ್ಟ ಅನುಮತಿ. ನಮ್ಮ ಗಿರಣಿಯ ಹಮಾಲರ ಮೇಸ್ತ್ರಿ ಮೊದಲು ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿಸಿ, ಎಸ್‌ಐಪಿಯನ್ನು ಹಾಗೆಯೇ ಬಿಟ್ಟಿದ್ದರು. ಫಂಡಿನ ಕಡೆಯಿಂದ ಬೇಡಿಕೆ ಬರುತ್ತಲೇ ಇತ್ತು, ಮರಳುತ್ತಲೇ ಇತ್ತು. ನಿಲ್ಲಿಸುವುದಾದರೆ ಮೊದಲು ಎಸ್‌ಐಪಿ, ಅದು ನಿಂತ ಸಂದೇಶ ಬಂದ ಮೇಲೆ ಮ್ಯಾಂಡೇಟ್.

ಯುಪಿಐ ಆಟೋಪೇ ಇನ್ನೂ ಸುಲಭ. ಆ್ಯಪ್‌ನಲ್ಲಿ ಕೋರಿಕೆ ಬರುತ್ತದೆ, ಒಮ್ಮೆ ಪಿನ್ ಒತ್ತಿದರೆ ಮುಗಿಯಿತು. ಕಡಿತಕ್ಕೆ 24 ಗಂಟೆ ಮೊದಲು ‘ನಾಳೆ ಇಷ್ಟು ಹೋಗುತ್ತದೆ’ ಎಂಬ ಸಂದೇಶ ಬರುವುದು ಇದರ ದೊಡ್ಡ ಗುಣ. ಇ-ನ್ಯಾಚ್‌ನಲ್ಲಿ ನನಗೆ ಸಂದೇಶ ಬಂದದ್ದು ಎಲ್ಲ ಮುಗಿದ ಮೇಲೆ. ಹಣ ಸಾಲದೆ ಮೊದಲ ಪ್ರಯತ್ನ ವಿಫಲವಾದರೆ ಮತ್ತೆ ಪ್ರಯತ್ನಿಸುವುದಕ್ಕೂ ಇಲ್ಲಿ ಅವಕಾಶವಿದೆ. ಒಮ್ಮೆ ಹಾಗೆಯೇ ಬೆಳಿಗ್ಗೆ ತಪ್ಪಿದ್ದು ರಾತ್ರಿ ಹೋಯಿತು, ನನ್ನ ಬ್ಯಾಂಕು ದಂಡ ಹಾಕಲಿಲ್ಲ.

ಹಾಗಾದರೆ ಇದೇ ಗೆದ್ದಿತು ಎಂದುಕೊಂಡಿದ್ದೆ. ದೀಪಾವಳಿಗೆ ಹೊಸ ಮೊಬೈಲ್ ಕೊಂಡೆ, ಹೊಸ ಆ್ಯಪ್ ಹಾಕಿಕೊಂಡೆ, ಹಳೆಯದರಿಂದ ಬ್ಯಾಂಕ್ ಖಾತೆ ತೆಗೆದುಹಾಕಿದೆ. ಆಟೋಪೇ ಕಟ್ಟಿಕೊಂಡಿದ್ದದ್ದು ಹಳೆಯ ಯುಪಿಐ ಐಡಿಗೆ. ದಂಡವಿಲ್ಲ, ಗಲಾಟೆಯಿಲ್ಲ, ಹಣ ಮಾತ್ರ ಹೋಗಲಿಲ್ಲ. ಖಾತೆಯಲ್ಲಿ ಎರಡು ಸಾವಿರ ಹೆಚ್ಚು ಉಳಿದರೆ ಯಾರಿಗೆ ಅನುಮಾನ ಬರುತ್ತದೆ? ನನಗಂತೂ ಖುಷಿಯೇ ಆಗಿತ್ತು. ಎರಡು ಕಂತು ತಪ್ಪಿದ ಮೇಲೆ ಫಂಡಿನ ಸ್ಟೇಟ್‌ಮೆಂಟ್‌ನಲ್ಲಿ ಯೂನಿಟ್‌ಗಳ ಸಂಖ್ಯೆ ನಿಂತಲ್ಲೇ ನಿಂತದ್ದು ಕಂಡಿತು. ನ್ಯಾಚ್ ತಪ್ಪಿದಾಗ ನಾಯಿಯಂತೆ ಕಚ್ಚುತ್ತದೆ, ಕಚ್ಚಿದ್ದು ಗೊತ್ತಾಗುತ್ತದೆ. ಆಟೋಪೇ ಗೆದ್ದಲಿನಂತೆ. ಇದನ್ನು ಬಳಸುವವರು ಬ್ಯಾಂಕಿನ ಎಸ್‌ಎಂಎಸ್ ನಂಬದೆ ತಿಂಗಳಿಗೊಮ್ಮೆ ಯೂನಿಟ್‌ಗಳನ್ನು ಎಣಿಸಬೇಕು.

ಕಾಗದದ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಅವ್ವನ ಹೆಸರಿನಲ್ಲಿ ಎಸ್‌ಐಪಿ ಮಾಡಿ ನನ್ನ ಖಾತೆಯಿಂದ ಕಟ್ಟೋಣ ಎಂದಿದ್ದೆ. ಅದು ಆಗುವುದಿಲ್ಲ. ಹೂಡಿಕೆ ಯಾರ ಹೆಸರಿನಲ್ಲಿದೆಯೋ ಹಣವೂ ಅವರ ಖಾತೆಯಿಂದಲೇ ಬರಬೇಕು. ಅವ್ವನಿಗೆ ನೆಟ್ ಬ್ಯಾಂಕಿಂಗ್ ಇಲ್ಲ, ಎಟಿಎಂ ಕಾರ್ಡ್ ಎಂದೋ ನಿಷ್ಕ್ರಿಯವಾಗಿದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ತೀರಿಹೋದ ಅಪ್ಪನದು. ಉಳಿದದ್ದು ಕಾಗದ ಒಂದೇ. ಅರ್ಜಿ ಕೊಟ್ಟು ಮೂರು ವಾರಕ್ಕೆ ತಿರಸ್ಕಾರ ಬಂತು: ಸಹಿ ಹೊಂದುತ್ತಿಲ್ಲ. ಶಾಖೆಗೆ ಹೋದಾಗ ಕೌಂಟರಿನ ಮೇಡಂ ಪರದೆ ನೋಡಿ ನಕ್ಕರು. “ಇವರ ಸಹಿ ನಮ್ಮಲ್ಲಿ ಕನ್ನಡದಲ್ಲಿದೆ. ನೀವು ಇಂಗ್ಲಿಷಿನಲ್ಲಿ ಮಾಡಿಸಿದ್ದೀರಲ್ಲ?” ಪ್ಯಾನ್ ಕಾರ್ಡಿಗೆಂದು ನಾನೇ ಕಲಿಸಿದ್ದ ಇಂಗ್ಲಿಷ್ ಸಹಿ ಅದು. ನ್ಯಾಚ್ ಅರ್ಜಿಯ ಸಹಿಯನ್ನು ಬ್ಯಾಂಕು ತಾಳೆ ನೋಡುವುದು ಪ್ಯಾನ್ ಜೊತೆಗಲ್ಲ, ಖಾತೆ ತೆರೆದಾಗ ಮಾಡಿದ ಸಹಿಯ ಜೊತೆಗೆ. ಇದಕ್ಕೆ ದಂಡವೇನೂ ಬೀಳಲಿಲ್ಲ, ನಷ್ಟವಾದದ್ದು ಮೂರು ವಾರ. ಎರಡನೆಯ ಸಲ ಅವ್ವ ದಪ್ಪ ಅಕ್ಷರದಲ್ಲಿ, ನಾಲಿಗೆ ಕಚ್ಚಿಕೊಂಡು, ಕನ್ನಡದಲ್ಲಿ ಬರೆದಳು. ಮಂಜೂರಾಯಿತು. ಕಾಗದವೇ ಬೇಕಾದವರು ಮೊದಲು ಶಾಖೆಗೆ ಹೋಗಿ ತಮ್ಮ ಸಹಿ ಹೇಗಿದೆ ಎಂದು ನೋಡಿ ಬರುವುದು ಒಳ್ಳೆಯದು.

ಯೂನಿಟ್ ಸಿಗುವ ವೇಗದಲ್ಲಿ ಒಂದೆರಡು ದಿನದ ವ್ಯತ್ಯಾಸವಿದೆ. ಹಣ ಫಂಡಿಗೆ ತಲುಪಿದ ದಿನದ ಎನ್‌ಎವಿ, ಅಂದರೆ ಆ ದಿನದ ಯೂನಿಟ್ ಬೆಲೆ, ಸಿಗುವುದರಿಂದ ಯುಪಿಐ ತುಸು ಮುಂದೆ. ಎರಡು ಸಾವಿರದ ಕಂತಿಗೆ ಅದನ್ನು ನೋಡಿ ದಾರಿ ಆರಿಸುವುದು ವ್ಯರ್ಥ.

ನನ್ನ ಆಯ್ಕೆ ಈಗ ಇ-ನ್ಯಾಚ್, 12ನೆಯ ತಾರೀಕಿಗೆ. ಸಂಬಳ ಎಷ್ಟೇ ತಡವಾದರೂ ಒಂಬತ್ತನ್ನು ದಾಟಿದ್ದಿಲ್ಲ, ಮೂರು ದಿನದ ಅಂತರ ಸಾಕು. ಮೊಬೈಲ್ ಬದಲಿಸುವ ಚಟ ಇಲ್ಲದ, ದಿನವೂ ಆ್ಯಪ್ ತೆರೆಯುವ ನನ್ನ ತಮ್ಮನಿಗೆ ಆಟೋಪೇ ಮಾಡಿಸಿಕೊಟ್ಟಿದ್ದೇನೆ, ಅವನ ಅಂಗಡಿಯ ಆದಾಯಕ್ಕೆ ತಾರೀಕೇ ಇಲ್ಲ. ತಪ್ಪಿದ ಆ ನಾಲ್ಕು ಕಂತುಗಳನ್ನು ಫಂಡಿನಲ್ಲಿರುವ ಅವೇ ಖಾತೆಗಳಲ್ಲಿ, ಅಂದರೆ ಫೋಲಿಯೊಗಳಲ್ಲಿ, ಬಿಡಿಯಾಗಿ ಕೊಂಡು ತುಂಬಿಸಿದೆ. ಆ 590 ರೂಪಾಯಿ ಮನ್ನಾ ಮಾಡಿರೆಂದು ಶಾಖೆಗೆ ಅರ್ಜಿ ಕೊಟ್ಟಿದ್ದೆ. ಒಂದು 295 ಮರಳಿ ಬಂತು.