ದುಡ್ಡು ಬಂದಾಗ ಮಾತ್ರ ಆದಾಯ ಅಂತ ಲೆಕ್ಕ ಬರೆಯಬೇಡಿ, ನಾನು ಬರೆದು ಪೆಟ್ಟು ತಿಂದಿದ್ದೇನೆ

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಶೆಡ್ ಇದೆ, ಸ್ಟೀಲ್ ರ‍್ಯಾಕ್ ಮಾಡುತ್ತೇವೆ. ನನ್ನ ಹೆಸರಲ್ಲೇ ಇರುವ ವ್ಯಾಪಾರ, ಪ್ರೈವೇಟ್ ಲಿಮಿಟೆಡ್ ಅಲ್ಲ.

ಮಾರ್ಚ್ 28ಕ್ಕೆ ಒಬ್ಬ ಗಿರಾಕಿಗೆ 8 ಲಕ್ಷದ ಮಾಲು ಕಳಿಸಿದೆ. ಜಿಎಸ್‌ಟಿ ಸೇರಿ ಬಿಲ್ 9,44,000. ಡೆಲಿವರಿ ಚಲನ್ ಮೇಲೆ ಅವರ ಗೇಟಿನ ಸೀಲು ಅದೇ ದಿನ ಬಿದ್ದಿದೆ. ದುಡ್ಡು 90 ದಿನ ಆದಮೇಲೆ ಕೊಡುವ ಮಾತು. ಬ್ಯಾಂಕಿಗೆ ಬರಲಿಲ್ಲವಲ್ಲ, ಮುಂದಿನ ವರ್ಷದ ಆದಾಯ ಅಂದುಕೊಂಡೆ. ಇನ್ನೊಬ್ಬರು ಮಾರ್ಚ್‌ನಲ್ಲೇ 3 ಲಕ್ಷ ಅಡ್ವಾನ್ಸ್ ಕೊಟ್ಟಿದ್ದರು, ಅವರ ಮಾಲು ಹೋಗಿದ್ದು ಏಪ್ರಿಲ್‌ನಲ್ಲಿ. ಅದನ್ನು ಈ ವರ್ಷದ ಆದಾಯಕ್ಕೆ ಸೇರಿಸಿದೆ. ಎರಡೂ ತಪ್ಪು.

ಯಾಕೆಂದರೆ ನನ್ನ ಆದಾಯ ತೆರಿಗೆ ರಿಟರ್ನ್‌ನಲ್ಲಿ Method of accounting ಅನ್ನುವ ಜಾಗದಲ್ಲಿ ವರ್ಷಗಳಿಂದ ಮರ್ಕೆಂಟೈಲ್ ಅಂತಲೇ ಗುರುತು ಹಾಕಿತ್ತು, ನಾನು ಅದನ್ನು ಓದದೆ ಸಹಿ ಹಾಕುತ್ತಿದ್ದೆ. ಆ ಪದ್ಧತಿಯಲ್ಲಿ ಮಾಲು ಗಿರಾಕಿಯ ಕೈ ಸೇರಿ, ಅದರ ಹೊಣೆ ಅವನದಾದ ದಿನವೇ ಮಾರಾಟ. ದುಡ್ಡು ಯಾವಾಗ ಬರುತ್ತೆ ಅನ್ನುವುದು ಬೇರೆ ವಿಷಯ, ಅದು ಬರಬೇಕಾದ ಬಾಕಿ. ಅಡ್ವಾನ್ಸ್ ಆದಾಯವಲ್ಲ, ಮಾಲು ಕೊಡುವ ತನಕ ನಮ್ಮ ಮೇಲಿರುವ ಸಾಲ.

ಜುಲೈನಲ್ಲಿ ರಿಟರ್ನ್ ಹಾಕಿದ್ದೆ, ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಮೆಸೇಜ್ ಬಂತು. ಜಿಎಸ್‌ಟಿಯಲ್ಲಿ ತೋರಿಸಿದ ಮಾರಾಟ 50 ಲಕ್ಷ, ರಿಟರ್ನ್‌ನಲ್ಲಿ 45 ಲಕ್ಷ. ಆ 5 ಲಕ್ಷ ಎಲ್ಲಿಂದ ಬಂತು ಗೊತ್ತಾ? ಬಿಟ್ಟ 8 ಲಕ್ಷದಲ್ಲಿ ಸುಮ್ನೆ ಸೇರಿಸಿದ 3 ಲಕ್ಷ ಕಳೆಯಿರಿ. ಸ್ಟೀಲಿನ ಖರ್ಚನ್ನೆಲ್ಲ ಮಾರ್ಚ್‌ನಲ್ಲೇ ಬರೆದಿದ್ದರಿಂದ ಪೂರ್ತಿ 5 ಲಕ್ಷ ಲಾಭಕ್ಕೆ ಕೂಡಿತು. ಡಿಸೆಂಬರ್ 31ರೊಳಗೆ ತಿದ್ದಿದ ರಿಟರ್ನ್ ಹಾಕಿ, ತೆರಿಗೆ, ಅದರ ಮೇಲೆ ತಿಂಗಳಿಗೆ ನೂರಕ್ಕೆ 1 ರೂಪಾಯಿಯಂತೆ ಬಡ್ಡಿ ಕಟ್ಟಿದೆ.

ನಮ್ಮಂಥವರು ದುಡ್ಡು ಬಂದಾಗ, ಹೋದಾಗ ಮಾತ್ರ ಬರೆಯುವ ಕ್ಯಾಶ್ ಪದ್ಧತಿ ಇಟ್ಟುಕೊಳ್ಳಬಹುದು, ಆದರೆ ಪ್ರತಿ ವರ್ಷ ಅದನ್ನೇ ಇಡಬೇಕು, ಮಾರಾಟಕ್ಕೊಂದು ಖರ್ಚಿಗೊಂದು ಅಂತ ಬೆರೆಸುವಂತಿಲ್ಲ. ಕಂಪನಿಯಾದರೆ ಅದೂ ಇಲ್ಲ. ಕ್ಯಾಶ್ ಪದ್ಧತಿ ಇದ್ದರೂ ಜಿಎಸ್‌ಟಿ ನಿಮಗಾಗಿ ಕಾಯುವುದಿಲ್ಲ. ಆ ಬಿಲ್ಲಿನ ಜಿಎಸ್‌ಟಿ 1,44,000, ಸ್ಟೀಲ್ ಕೊಳ್ಳುವಾಗ ಕೊಟ್ಟಿದ್ದ ಜಿಎಸ್‌ಟಿಯ ಕ್ರೆಡಿಟ್ 90,000 ಕಳೆದು 54,000 ರೂಪಾಯಿಯನ್ನು ಏಪ್ರಿಲ್ 20ರೊಳಗೆ ನನ್ನ ಜೇಬಿಂದಲೇ ಕಟ್ಟಿದ್ದೆ. ಗಿರಾಕಿ ದುಡ್ಡು ಕೊಟ್ಟಿದ್ದು ಆಗಸ್ಟ್‌ನಲ್ಲಿ.

ರಿಟರ್ನ್‌ಗೆ ಸಹಿ ಹಾಕುವ ಮುಂಚೆ ಜಿಎಸ್‌ಟಿಯ 12 ತಿಂಗಳ ಮಾರಾಟ ಕೂಡಿ, ನಿಮ್ಮ ಪುಸ್ತಕದ ಮಾರಾಟದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಬಂದರೆ ಮಾರ್ಚ್ ಕೊನೆಯ ವಾರದ ಚಲನ್‌ಗಳನ್ನು ಮೊದಲು ತೆಗೆಯಿರಿ. ನಾನಂತೂ ಈಗ 90 ದಿನದ ಸಾಲ ಕೇಳುವವರಿಗೆ ಜಿಎಸ್‌ಟಿ ಭಾಗವನ್ನಾದರೂ ಮಾಲಿನ ಜೊತೆಗೇ ಕೊಡಿ ಅಂತ ಕೇಳುತ್ತೇನೆ, ಸುಮಾರು ಜನ ಒಪ್ಪುತ್ತಾರೆ.